ಗಂಟಲಮಾರಿ: ಲ್ಯಾಬ್ ವರದಿಗೆ ಕಾಯದೆ ಸೀರಂ ಯಾಕೆ ಹಾಕುತ್ತಾರೆ?

ಪ್ರಶ್ನೆ: ನಮ್ಮ ಅಕ್ಕನ ಮಗನಿಗೆ ಏಳು ವರ್ಷ, ಇಂಡಿ ಕಡೆ ಹಳ್ಳ್ಯಾಗ ಇರತಾನ. ರವಿವಾರದಿಂದ ಗಂಟಲ ನೋವು, ಜ್ವರ ಅಷ್ಟೇನ್ ಇರಲಿಲ್ಲ, ಊರಾಗ ಗುಳಗಿ ಕೊಟ್ಟಿದ್ರು. ಇವತ್ತು ಬುಧವಾರ ಕುತಗಿ ಬಾತದ, ವಿಜಯಪುರಕ್ಕ ತಂದು ಅಡ್ಮಿಟ್ ಮಾಡೀವಿ. ಗಂಟಲಮಾರಿ ಇರಬಹುದು ಅಂತ ಸ್ವ್ಯಾಬ್ ಕಳಿಸ್ಯಾರ, ವರದಿ ಬರಾಕ ಮೂರ್ನಾಲ್ಕು ದಿನ ಬೇಕಂತ. ಆಂಟಿಬಯಾಟಿಕ್ ಸುರು ಆಗೇದ. ಆದ್ರೂ ಕುದುರಿ ಸೀರಂ ಈಗಲೇ ಹಾಕ್ತೀವಿ, ರಿಯಾಕ್ಷನ್ ಆಗಬಹುದು, ಸಹಿ ಮಾಡ್ರಿ ಅಂತಾರ. ವರದಿ ಬರೂತನಕ ಕಾದ್ರ ಏನಾಗತದ? ಗಂಟಲ ರೋಗಕ್ಕ ಹಾರ್ಟ್ ಯಾಕ ಚೆಕ್ ಮಾಡ್ತಾರ?

ಉತ್ತರ:

ಮೊದಲು ಸಹಿ ಮಾಡಿ, ಸೀರಂ ಶುರುವಾಗಲಿ. ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದಿ. ಈ ರೋಗದಲ್ಲಿ ಹೋದ ಗಂಟೆಗಳನ್ನು ಮರಳಿ ತರುವ ಔಷಧಿ ಯಾವುದೂ ಇಲ್ಲ. ನಿಮ್ಮ ಹುಡುಗನಿಗೆ ಆಗಲೇ ನಾಲ್ಕನೇ ದಿನ.

ಆಂಟಿಬಯಾಟಿಕ್ ಶುರುವಾಗಿದೆಯಲ್ಲ, ಸೀರಂಗೆ ಎರಡು ದಿನ ತಡವಾದರೆ ಏನಾದೀತು ಎಂದು ಮನೆಯವರಿಗೆ ಅನ್ನಿಸುವುದು ಸಹಜ. ಆದರೆ ಈ ಎರಡು ಔಷಧಿಗಳ ಕೆಲಸ ಬೇರೆ ಬೇರೆ. ಗಂಟಲಮಾರಿ ಎಂದರೆ ಡಿಫ್ತೀರಿಯಾ. ಅದರ ಬ್ಯಾಕ್ಟೀರಿಯಾ ಗಂಟಲಿನಲ್ಲೇ ಕುಳಿತಿರುತ್ತದೆ, ಸಾಮಾನ್ಯವಾಗಿ ರಕ್ತಕ್ಕೆ ಇಳಿಯುವುದಿಲ್ಲ. ಇಳಿಯುವುದು ಅದು ತಯಾರಿಸುವ ವಿಷ, ಅಂದರೆ ಟಾಕ್ಸಿನ್. ಪೆನಿಸಿಲಿನ್ ಅಥವಾ ಎರಿತ್ರೋಮೈಸಿನ್ ಆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಹೊಸ ವಿಷ ಹುಟ್ಟುವುದು ಅದರಿಂದ ನಿಲ್ಲುತ್ತದೆ, ಇತರರಿಗೆ ಅಂಟುವುದೂ ನಿಲ್ಲುತ್ತದೆ. ಈಗಾಗಲೇ ಹುಟ್ಟಿ ರಕ್ತದಲ್ಲಿ ತಿರುಗುತ್ತಿರುವ ವಿಷವನ್ನು ಮಾತ್ರ ಅದು ಮುಟ್ಟಲಾರದು. ಆ ವಿಷವನ್ನು ಹಿಡಿದು ಕಟ್ಟಿಹಾಕುವುದು ಆಂಟಿಟಾಕ್ಸಿನ್ ಒಂದೇ. ನೀವು ಕುದುರೆ ಸೀರಂ ಎನ್ನುತ್ತಿರುವುದು ಅದನ್ನೇ.

ಗಂಟಲಿನಲ್ಲಿ ಏನು ನಡೆದಿದೆ ಎನ್ನುವುದು ಮೊದಲು ತಿಳಿಯಬೇಕು, ಯಾಕೆಂದರೆ ವೈದ್ಯರು ವರದಿ ಇಲ್ಲದೆ ನಿರ್ಧಾರ ಮಾಡಿರುವುದು ಅದನ್ನು ನೋಡಿಯೇ. ಬ್ಯಾಕ್ಟೀರಿಯಾ ಟಾನ್ಸಿಲ್ ಮೇಲೆ ನೆಲೆಯೂರಿ ವಿಷ ಬಿಟ್ಟಾಗ ಅಲ್ಲಿಯ ಮೇಲ್ಪದರದ ಜೀವಕೋಶಗಳೇ ಮೊದಲು ಸಾಯುತ್ತವೆ. ಗಾಯವಾದ ಜಾಗದಿಂದ ರಕ್ತದ ದ್ರವ ಒಸರುತ್ತದೆ. ಅದರಲ್ಲಿರುವ ಫೈಬ್ರಿನ್ ಹೆಪ್ಪುಗಟ್ಟಿ ಸತ್ತ ಕೋಶಗಳು, ಬಿಳಿ ರಕ್ತಕಣಗಳು, ಬ್ಯಾಕ್ಟೀರಿಯಾ ಎಲ್ಲವನ್ನೂ ಸೇರಿಸಿಕೊಂಡು ಒಂದು ಪೊರೆಯಾಗುತ್ತದೆ. ಮೊದಲು ತೆಳ್ಳಗೆ, ಹೊಳೆಯುವ ಬಿಳಿ ಬಣ್ಣ. ಒಂದೆರಡು ದಿನದಲ್ಲಿ ಬೂದಿ ಬಣ್ಣಕ್ಕೆ ತಿರುಗಿ ದಪ್ಪವಾಗುತ್ತದೆ, ರಕ್ತ ಸೇರಿದ ಕಡೆ ಕಪ್ಪಾಗುತ್ತದೆ. ಹಸಿ ತೊಗಲು ಅಂಟಿಸಿದಂತೆ ಕಾಣುತ್ತದೆ. 19ನೇ ಶತಮಾನದ ಫ್ರೆಂಚ್ ವೈದ್ಯ ಬ್ರೆಟೊನೊ ಈ ರೋಗಕ್ಕೆ ಹೆಸರು ಕೊಡುವಾಗ ತೊಗಲು ಎಂಬ ಅರ್ಥದ ಗ್ರೀಕ್ ಪದವನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ.

ಫೈಬ್ರಿನ್‌ನ ಎಳೆಗಳು ಕೆಳಗಿನ ಮಾಂಸದೊಳಕ್ಕೆ ಬೇರಿನಂತೆ ಇಳಿದಿರುತ್ತವೆ. ಪೊರೆ ಎಲ್ಲಿ ಮುಗಿಯಿತು, ಮಾಂಸ ಎಲ್ಲಿ ಶುರುವಾಯಿತು ಎಂಬ ಗೆರೆಯೇ ಇರುವುದಿಲ್ಲ. ಹಾಗಾಗಿ ಅಂಚನ್ನು ಎತ್ತಲು ಹೋದರೆ ಅದು ಬಿಡುವುದಿಲ್ಲ, ರಕ್ತ ಬರುತ್ತದೆ. ಸಾಮಾನ್ಯ ಟಾನ್ಸಿಲ್ ಸೋಂಕಿನಲ್ಲಿ ಜ್ವರ ಜೋರು, ಮೇಲೆ ಹಳದಿ ಚುಕ್ಕೆಗಳು, ಅವು ಟಾನ್ಸಿಲ್ ದಾಟುವುದಿಲ್ಲ, ಹತ್ತಿಯಿಂದ ಒರೆಸಿದರೆ ಹೋಗುತ್ತವೆ. ಗಂಟಲಮಾರಿಯ ಪೊರೆ ಟಾನ್ಸಿಲ್ ದಾಟಿ ಕಿರುನಾಲಿಗೆ, ಅಂಗುಳ, ಗಂಟಲಿನ ಹಿಂದಿನ ಗೋಡೆಗೆ ಹಬ್ಬುತ್ತದೆ. ಜ್ವರ ಕಡಿಮೆ, ಆದರೆ ಮಗು ಜ್ವರಕ್ಕೆ ಮೀರಿ ಸೊರಗಿರುತ್ತದೆ, ನಾಡಿ ಓಡುತ್ತಿರುತ್ತದೆ. "ಜ್ವರ ಅಷ್ಟೇನ್ ಇರಲಿಲ್ಲ" ಎಂದು ನೀವು ಬರೆದದ್ದನ್ನು ಓದಿ ನನಗೆ ಸಮಾಧಾನವಾಗಲಿಲ್ಲ, ಕಳವಳವೇ ಹೆಚ್ಚಾಯಿತು. ಜ್ವರವಿಲ್ಲ ಎಂದು ಮನೆಯಲ್ಲಿ ಎರಡು ಮೂರು ದಿನ ಕಳೆದುಹೋಗುವುದು ಈ ರೋಗದಲ್ಲಿ ಬಹಳ ಸಲ ಆಗುತ್ತದೆ.

ಪೊರೆಯನ್ನು ಯಾರೂ ಕೆರೆದು ತೆಗೆಯಬಾರದು. ಬೆರಳಿಗೆ ಬಟ್ಟೆ ಸುತ್ತಿ ಉಪ್ಪು, ಅರಿಶಿಣ ಹಚ್ಚಿ ಗಂಟಲು ಉಜ್ಜುವ ರೂಢಿ ನಮ್ಮ ಕಡೆ ಇನ್ನೂ ಅಲ್ಲಲ್ಲಿ ಇದೆ. ಉಜ್ಜಿದರೆ ರಕ್ತನಾಳಗಳು ತೆರೆದುಕೊಂಡು ವಿಷ ಒಳಗಿಳಿಯಲು ದಾರಿ ಸಲೀಸಾಗುತ್ತದೆ. ತುಂಡು ಕಿತ್ತು ಶ್ವಾಸನಾಳಕ್ಕೆ ಬಿದ್ದರೆ ಮಗು ಅಲ್ಲೇ ಉಸಿರು ಕಟ್ಟಬಹುದು. ಸ್ವ್ಯಾಬ್ ತೆಗೆಯುವವರು ಮಾತ್ರ ಪೊರೆಯ ಅಂಚಿನ ಕೆಳಗೆ ಮೆಲ್ಲಗೆ ತಾಗಿಸಿ ತೆಗೆಯುತ್ತಾರೆ. ಬ್ಯಾಕ್ಟೀರಿಯಾ ಹೆಚ್ಚಾಗಿ ಸಿಗುವುದು ಅಲ್ಲೇ.

ಕುತ್ತಿಗೆ ಬಾತಿರುವುದು ಎರಡನೇ ಸುಳಿವು. ದವಡೆಯ ಕೆಳಗಿನ ಗ್ರಂಥಿಗಳೂ ಅವುಗಳ ಸುತ್ತಲಿನ ಮೆದು ಭಾಗವೂ ಸೇರಿ ಊದಿದಾಗ ಗದ್ದ ಮತ್ತು ಎದೆಯ ನಡುವಿನ ತಗ್ಗು ಮಾಯವಾಗಿ ಕುತ್ತಿಗೆ ಹೋರಿಯ ಕುತ್ತಿಗೆಯಂತೆ ಕಾಣುತ್ತದೆ. ವೈದ್ಯರ ಭಾಷೆಯಲ್ಲಿ ಇದಕ್ಕೆ ಬುಲ್ ನೆಕ್ ಎನ್ನುತ್ತಾರೆ. ದೇಹ ವಿಷವನ್ನು ಬಹಳ ಪ್ರಮಾಣದಲ್ಲಿ ಹೀರಿಕೊಳ್ಳುತ್ತಿದೆ ಎಂಬುದರ ಗುರುತು ಇದು. ಇಂಥ ಮಕ್ಕಳಲ್ಲೇ ಹೃದಯಕ್ಕೆ ಪೆಟ್ಟು ಹೆಚ್ಚು.

ಈಗ ಕಾದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಬರೋಣ. ಡಿಫ್ತೀರಿಯಾ ಟಾಕ್ಸಿನ್‌ಗೆ ಎರಡು ಭಾಗ. ಬಿ ಎಂಬ ಭಾಗ ಜೀವಕೋಶದ ಹೊರಗಿನ ಒಂದು ಕೊಂಡಿಗೆ ಅಂಟಿಕೊಳ್ಳುತ್ತದೆ. ಆಗ ಜೀವಕೋಶ ಅದನ್ನು ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಹೋದ ಮೇಲೆ ಎ ಎಂಬ ಭಾಗ ಬೇರ್ಪಟ್ಟು, ಪ್ರೋಟೀನ್ ತಯಾರಿಕೆಗೆ ಬೇಕೇ ಬೇಕಾದ ಇಎಫ್-2 ಎಂಬ ವಸ್ತುವನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಒಂದನ್ನು ಕೆಡಿಸಿ ಅದು ಮುಗಿಯುವುದಿಲ್ಲ, ಒಂದಾದ ಮೇಲೆ ಒಂದನ್ನು ಕೆಡಿಸುತ್ತಾ ಹೋಗುತ್ತದೆ. ಅದಕ್ಕೇ ಎ ಭಾಗದ ಒಂದೇ ಒಂದು ಅಣು ಒಳಗೆ ಸೇರಿದರೂ ಆ ಜೀವಕೋಶ ಸಾಯಬಲ್ಲದು. ಪ್ರಯೋಗಾಲಯದಲ್ಲಿ ಇದನ್ನು ತೋರಿಸಿಕೊಟ್ಟಿದ್ದಾರೆ.

ಆಂಟಿಟಾಕ್ಸಿನ್ ಅಂದರೆ ಈ ವಿಷವನ್ನು ಹಿಡಿಯುವ ಪ್ರತಿಕಾಯಗಳು. ಅವು ರಕ್ತದಲ್ಲಿ ತಿರುಗುವ ವಿಷವನ್ನು ಹಿಡಿಯುತ್ತವೆ, ಜೀವಕೋಶದ ಒಳಗೆ ಹೋಗಲಾರವು. ಕೋಶಕ್ಕೆ ಅಂಟಿ ಒಳಗೆ ಸೇರಿಕೊಂಡ ವಿಷದ ಮೇಲೆ ಅವುಗಳ ಆಟ ನಡೆಯುವುದಿಲ್ಲ. ಅಂದರೆ ಇಂದು ರಾತ್ರಿ ಕೊಟ್ಟ ಸೀರಂ ಇಂದು ರಾತ್ರಿಯವರೆಗೆ ಒಳಗೆ ಸೇರದ ವಿಷದಿಂದ ಕಾಪಾಡುತ್ತದೆ. ಶನಿವಾರ ಕೊಟ್ಟರೆ ಬುಧವಾರದಿಂದ ಶನಿವಾರದವರೆಗೆ ಹೃದಯಕ್ಕೂ ನರಕ್ಕೂ ಸೇರಿದ್ದೆಲ್ಲ ಸೇರಿದಂತೆಯೇ. ಡೋಸ್ ಎರಡು ಪಟ್ಟು ಮಾಡಿದರೂ ಅದನ್ನು ಹೊರತೆಗೆಯಲಾಗದು.

ಸೀರಂನಿಂದ ಜೀವ ಉಳಿಯುತ್ತದೆಂಬುದಕ್ಕೆ ಬಹಳ ಹಳೆಯ, ಗಟ್ಟಿ ಆಧಾರವಿದೆ. ಕೋಪನ್‌ಹೇಗನ್‌ನ ವೈದ್ಯ ಯೋಹಾನೆಸ್ ಫಿಬಿಗರ್ 1896–97ರಲ್ಲಿ ಒಂದು ದಿನ ದಾಖಲಾದವರಿಗೆ ಸೀರಂ ಕೊಟ್ಟು, ಮರುದಿನ ದಾಖಲಾದವರಿಗೆ ಕೊಡದೆ, ಹೀಗೆ ದಿನ ಬಿಟ್ಟು ದಿನ ಹೋಲಿಸಿದರು. 1898ರಲ್ಲಿ ಪ್ರಕಟವಾದ ಲೆಕ್ಕದಂತೆ ಸೀರಂ ಪಡೆದ 239 ರೋಗಿಗಳಲ್ಲಿ 8 ಮಂದಿ ತೀರಿಕೊಂಡರು, ಪಡೆಯದ 245 ಮಂದಿಯಲ್ಲಿ 30 ಮಂದಿ. ಆಗ ಆಂಟಿಬಯಾಟಿಕ್ ಇರಲಿಲ್ಲ, ಆದ್ದರಿಂದ ಆ ವ್ಯತ್ಯಾಸ ಸೀರಂನದೇ.

ಇನ್ನು ವರದಿ. ನಿಮ್ಮ ಹುಡುಗನ ಸ್ವ್ಯಾಬ್ ಬುಧವಾರ ಸಂಜೆ ತೆಗೆದದ್ದು, ಗುರುವಾರ ಬೆಳಿಗ್ಗೆ ಲ್ಯಾಬ್‌ನಲ್ಲಿ ಟೆಲ್ಯುರೈಟ್ ಸೇರಿಸಿದ ಮಾಧ್ಯಮದ ಮೇಲೆ ಹಚ್ಚಿದರು ಅನ್ನಿ. ಆ ಮಾಧ್ಯಮದಲ್ಲಿ ಡಿಫ್ತೀರಿಯಾ ಕಪ್ಪು ಚುಕ್ಕೆಗಳಾಗಿ ಬೆಳೆಯುತ್ತದೆ, ಅದಕ್ಕೆ 24ರಿಂದ 48 ಗಂಟೆ ಬೇಕು. ಅಲ್ಲಿಗೆ ಶನಿವಾರ. ಬೆಳೆದದ್ದು ಡಿಫ್ತೀರಿಯಾವೇ ಎಂದು ಬೇರೆ ಪರೀಕ್ಷೆಗಳಿಂದ ಖಾತ್ರಿ ಮಾಡಬೇಕು. ಅದೂ ಸಾಲದು, ಅದು ವಿಷ ತಯಾರಿಸುವ ತಳಿಯೇ ಎಂದು ತಿಳಿಯಬೇಕು. ಒಂದು ಬಗೆಯ ವೈರಸ್ ಹೊತ್ತುಕೊಂಡ ಡಿಫ್ತೀರಿಯಾ ಬ್ಯಾಕ್ಟೀರಿಯಾ ಮಾತ್ರ ಈ ವಿಷ ಮಾಡಬಲ್ಲದು. ಅದಕ್ಕಾಗಿ ಎಲೆಕ್ ಎಂಬ ಪರೀಕ್ಷೆ, ಮತ್ತೆ ಒಂದೆರಡು ದಿನ. ಪೂರ್ತಿ ಉತ್ತರ ಕೈಗೆ ಬರುವ ಹೊತ್ತಿಗೆ ಸೋಮವಾರ. ರೋಗ ಶುರುವಾಗಿ ಆಗ ಒಂಬತ್ತನೇ ದಿನ, ಹೃದಯದ ತೊಂದರೆ ಕಾಣಿಸಿಕೊಳ್ಳುವ ವಾರ ಆಗಲೇ ಹಿಡಿದಿರುತ್ತದೆ. ಪಿಸಿಆರ್ ಇರುವ ಕಡೆ ವಿಷದ ಜೀನ್ ಇದೆಯೋ ಇಲ್ಲವೋ ಬೇಗ ಗೊತ್ತಾಗುತ್ತದೆ, ಆದರೂ ಸೀರಂ ಅದಕ್ಕೂ ಕಾಯಬಾರದು.

ಸ್ವ್ಯಾಬ್‌ಗೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಂಟೆಯೊಳಗೆ ಒಂದು ಉತ್ತರ ಸಿಗುತ್ತದೆ. ಆಲ್ಬರ್ಟ್ ಸ್ಟೇನ್‌ನಲ್ಲಿ ಹಸಿರು ಕಡ್ಡಿಗಳು, ತುದಿಯಲ್ಲಿ ಕಡು ನೀಲಿ ಕಾಳುಗಳು ಕಾಣುತ್ತವೆ. ಆದರೆ ಆರೋಗ್ಯವಂತರ ಗಂಟಲಿನಲ್ಲೂ ಹೀಗೇ ಕಾಣುವ ನಿರುಪದ್ರವಿ ಬ್ಯಾಕ್ಟೀರಿಯಾಗಳಿವೆ. ಇನ್ನೊಂದು ಕಡೆ, ನಿಜವಾದ ರೋಗದಲ್ಲೂ ಹೀಗೆ ಬಣ್ಣ ಹಚ್ಚಿ ನೋಡಿದಾಗ ಏನೂ ಕಾಣದೆ ಇರಬಹುದು. ಅದು ಒಂದು ಊಹೆಗೆ ಬಲ ಕೊಡಬಹುದು, ಚಿಕಿತ್ಸೆ ಕೊಡಬೇಕೋ ಬೇಡವೋ ಎಂಬುದನ್ನು ಅದರ ಮೇಲೆ ನಿಲ್ಲಿಸಲಾಗದು.

ಕಲ್ಚರ್, ಅಂದರೆ ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆಯ ವರದಿ, ಏನೂ ಬೆಳೆಯಲಿಲ್ಲ ಎಂದು ಬಂದರೆ? ನಿಮ್ಮ ಹುಡುಗನ ವಿಷಯದಲ್ಲಿ ಹಾಗೆ ಬಂದರೂ ಆಶ್ಚರ್ಯವಿಲ್ಲ. ಊರಲ್ಲಿ ಕೊಟ್ಟ ಗುಳಿಗೆ ಅಮಾಕ್ಸಿಸಿಲಿನ್ ಅಥವಾ ಅಜಿತ್ರೋಮೈಸಿನ್ ಆಗಿದ್ದರೆ ಬ್ಯಾಕ್ಟೀರಿಯಾ ಅರೆಜೀವವಾಗಿ ಲ್ಯಾಬ್‌ನಲ್ಲಿ ಬೆಳೆಯದೆ ಹೋಗಬಹುದು, ವಿಷ ಮಾತ್ರ ಆಗಲೇ ರಕ್ತದಲ್ಲಿರುತ್ತದೆ. ಆ ಗುಳಿಗೆಯ ಪಟ್ಟಿ ಅಥವಾ ಚೀಟಿ ಸಿಕ್ಕರೆ ವೈದ್ಯರಿಗೆ ತೋರಿಸಿ. ಮಾದರಿಯ ಚೀಟಿಯ ಮೇಲೆ "ಡಿಫ್ತೀರಿಯಾ ಶಂಕೆ" ಎಂದು ಬರೆದಿದ್ದಾರೆಯೇ ಎಂದೂ ಕೇಳಿ. ಬರೆಯದಿದ್ದರೆ ಲ್ಯಾಬ್‌ನವರು ಮಾಮೂಲಿ ಗಂಟಲು ಸ್ವ್ಯಾಬ್‌ನಂತೆ ನೋಡಿ, ಟೆಲ್ಯುರೈಟ್ ಮಾಧ್ಯಮವನ್ನೇ ಬಳಸದೆ, ವಿಶೇಷ ಏನೂ ಇಲ್ಲ ಎಂದು ಕಳಿಸಿಬಿಡಬಹುದು. ಸೀರಂ ಹಾಕಿದರೆ ಕಲ್ಚರ್ ಕೆಡುತ್ತದೆಂಬ ಅಂಜಿಕೆಯೂ ಕೆಲವರಿಗಿದೆ. ಅದು ಕೆಡುವುದಿಲ್ಲ. ಸೀರಂ ಬ್ಯಾಕ್ಟೀರಿಯಾಕ್ಕೆ ಏನೂ ಮಾಡುವುದಿಲ್ಲ, ವಿಷವನ್ನಷ್ಟೇ ಹಿಡಿಯುತ್ತದೆ. ಕಲ್ಚರ್ ಬೇಕಾಗಿರುವುದು ಬೇರೆ ಕೆಲಸಕ್ಕೆ: ರೋಗವನ್ನು ದಾಖಲೆಗೆ ತರಲು, ಊರಿನಲ್ಲಿ ಇನ್ನಾರಿಗಿದೆ ಎಂದು ಹುಡುಕಲು, ಕೊನೆಯಲ್ಲಿ ಬ್ಯಾಕ್ಟೀರಿಯಾ ಹೋಗಿದೆಯೇ ಎಂದು ನೋಡಲು.

ಈಗ ಸೀರಂ ಹಾಕುವ ಬಗೆ. ಪ್ರಮಾಣ ನಿರ್ಧರಿಸುವುದು ಮಗುವಿನ ತೂಕದ ಮೇಲಲ್ಲ. ಏಳು ವರ್ಷದವನಿಗೂ ನಲವತ್ತು ವರ್ಷದವನಿಗೂ ಒಂದೇ ಲೆಕ್ಕ, ಯಾಕೆಂದರೆ ಕಟ್ಟಿಹಾಕಬೇಕಾದದ್ದು ವಿಷವನ್ನು. ಅದು ಎಷ್ಟಿದೆ ಎಂಬುದನ್ನು ಪೊರೆಯ ಹರವು ಮತ್ತು ಕಳೆದ ದಿನಗಳಿಂದ ಅಂದಾಜು ಮಾಡುತ್ತಾರೆ. ಎರಡು ದಿನದೊಳಗಿನ, ಗಂಟಲು ಅಥವಾ ಧ್ವನಿಪೆಟ್ಟಿಗೆಗೆ ಸೀಮಿತವಾದ ರೋಗಕ್ಕೆ 20,000ದಿಂದ 40,000 ಯೂನಿಟ್. ಮೂಗಿನ ಹಿಂಭಾಗಕ್ಕೂ ಹಬ್ಬಿದ್ದರೆ 40,000ದಿಂದ 60,000. ಮೂರು ದಿನ ಕಳೆದಿದ್ದರೆ ಅಥವಾ ಕುತ್ತಿಗೆ ಬಾತಿದ್ದರೆ 80,000ದಿಂದ 1,00,000, ಕೆಲವೊಮ್ಮೆ ಅದಕ್ಕೂ ಸ್ವಲ್ಪ ಹೆಚ್ಚು. ನಿಮ್ಮ ಹುಡುಗ ಬರುವುದು ಈ ಕೊನೆಯ ಗುಂಪಿಗೆ. ಒಂದು ವಯಲ್‌ನಲ್ಲಿ 10,000 ಯೂನಿಟ್ ಇದ್ದರೆ ಎಂಟರಿಂದ ಹತ್ತು ವಯಲ್ ಬೇಕು. ಒಂದು ಮಗುವಿಗೆ ಇಷ್ಟೊಂದು ವಯಲ್ಲೇ ಎಂದು ಮನೆಯವರು ಗಾಬರಿಯಾಗುವುದು ಬೇಡ.

ಅದನ್ನು ಸಲೈನ್‌ನಲ್ಲಿ ಬೆರೆಸಿ ರಕ್ತನಾಳಕ್ಕೆ ಎರಡರಿಂದ ನಾಲ್ಕು ಗಂಟೆಯಲ್ಲಿ ನಿಧಾನವಾಗಿ ಹರಿಸುತ್ತಾರೆ. ಇಡೀ ಪ್ರಮಾಣ ಒಂದೇ ಸಲಕ್ಕೆ ಹೋಗಬೇಕು. ಇವತ್ತು ಎರಡು ವಯಲ್ ಹಾಕಿ ನೋಡೋಣ, ವರದಿ ಬಂದ ಮೇಲೆ ಉಳಿದದ್ದು ಎಂಬ ಮಧ್ಯದ ದಾರಿ ತೀರಾ ತಪ್ಪು. ಅರ್ಧ ವಿಷ ತಿರುಗುತ್ತಲೇ ಇರುತ್ತದೆ. ಕೆಲವು ದಿನ ಬಿಟ್ಟು ಮತ್ತೆ ಹಾಕಿದರೆ, ಅಷ್ಟರಲ್ಲಿ ದೇಹ ಕುದುರೆಯ ಪ್ರೋಟೀನಿನ ಗುರುತು ಹಿಡಿದಿರುವುದರಿಂದ ರಿಯಾಕ್ಷನ್ನಿನ ಅಪಾಯವೂ ಹೆಚ್ಚು. ಆ ಆಸ್ಪತ್ರೆಯಲ್ಲಿ ಸಾಕಷ್ಟು ವಯಲ್ ಇಲ್ಲದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಯ ಮೂಲಕ ಈಗಲೇ ವಿಚಾರಿಸುವಂತೆ ವೈದ್ಯರನ್ನು ಕೇಳಿ. ಬೇರೆ ಊರಿಗೆ ಕಳಿಸುವುದಾದರೆ ಅಲ್ಲಿ ಸೀರಂ ಇದೆಯೆಂದು ಫೋನಿನಲ್ಲಿ ಖಾತ್ರಿ ಮಾಡಿಕೊಂಡೇ ಗಾಡಿ ಹತ್ತಬೇಕು.

ರಿಯಾಕ್ಷನ್ ಬಗ್ಗೆ ನಿಮ್ಮ ಮನೆಯವರ ಹೆದರಿಕೆ ಸುಳ್ಳಲ್ಲ. ಕುದುರೆಗೆ ಟಾಕ್ಸಾಯ್ಡ್, ಅಂದರೆ ಕೆಡುಕು ಮಾಡದಂತೆ ಪಳಗಿಸಿದ ಟಾಕ್ಸಿನ್, ಕೊಂಚ ಕೊಂಚವೇ ಚುಚ್ಚಿ ಅದರ ರಕ್ತದಿಂದ ಈ ಪ್ರತಿಕಾಯಗಳನ್ನು ತೆಗೆಯುತ್ತಾರೆ. ಹೊರಗಿನ ಪ್ರಾಣಿಯ ಪ್ರೋಟೀನ್ ಆದ್ದರಿಂದ ಕೆಲವರ ದೇಹ ಸಿಡಿದೇಳುತ್ತದೆ. ನೀವು ವೈದ್ಯರಿಗೆ ಹೇಳಲೇಬೇಕಾದ ವಿಷಯಗಳಿವೆ. ಹುಡುಗನಿಗೆ ಉಬ್ಬಸ ಇದೆಯೇ? ಹಿಂದೆ ಎಂದಾದರೂ ಹಾವು ಕಚ್ಚಿ ಔಷಧಿ ಹಾಕಿಸಿದ್ದಿದೆಯೇ? ನಾಯಿ ಕಚ್ಚಿ ಗಾಯದ ಸುತ್ತ ಸೀರಂ ಚುಚ್ಚಿಸಿದ್ದಿದೆಯೇ? ಹಾವಿನ ವಿಷಕ್ಕೆ ಕೊಡುವ ಆಂಟಿವೆನಮ್ ಕೂಡ ಕುದುರೆಯದೇ. ಹುಚ್ಚುನಾಯಿ ರೋಗಕ್ಕೆ ಗಾಯದೊಳಗೆ ಹಾಕುವ ಸೀರಂ ಸಹ ಹಲವು ಸಲ ಕುದುರೆಯದಾಗಿರುತ್ತದೆ. ಕಬ್ಬು, ತೊಗರಿಯ ಹೊಲದಲ್ಲಿ ಓಡಾಡುವ ಮಕ್ಕಳಲ್ಲಿ ಇದನ್ನು ಕೇಳದೆ ಬಿಡುವಂತಿಲ್ಲ.

ಅನೇಕ ಆಸ್ಪತ್ರೆಗಳಲ್ಲಿ ಮೊದಲು ಬಹಳ ತೆಳುಮಾಡಿದ ಸೀರಂನ ಹನಿಯನ್ನು ಮುಂಗೈ ಚರ್ಮದೊಳಗೆ ಚುಚ್ಚಿ, ಇನ್ನೊಂದು ಕೈಗೆ ಬರೀ ಸಲೈನ್ ಚುಚ್ಚಿ, 15–20 ನಿಮಿಷ ಬಿಟ್ಟು ಗಂಧೆ ಎದ್ದಿದೆಯೇ ಎಂದು ಹೋಲಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಈ ಪರೀಕ್ಷೆಯನ್ನು ಎಲ್ಲರಿಗೂ ರೂಢಿಯಂತೆ ಮಾಡಬೇಕಿಲ್ಲ ಎಂದು ಸೂಚಿಸಿತು. ಪರೀಕ್ಷೆಯಲ್ಲಿ ಏನೂ ಕಾಣದವರಿಗೂ ಆಮೇಲೆ ರಿಯಾಕ್ಷನ್ ಆಗುವುದುಂಟು, ಗಂಧೆ ಎದ್ದವರು ಸೀರಂ ತಡೆದುಕೊಳ್ಳುವುದೂ ಉಂಟು. ಮಾಡಲಿ ಬಿಡಲಿ, ಹಾಸಿಗೆಯ ಪಕ್ಕದಲ್ಲಿ ಅಡ್ರಿನಲಿನ್ ಸಿರಿಂಜಿಗೆ ತುಂಬಿ ಸಿದ್ಧವಿರಬೇಕು, ಮೊದಲ ಅರ್ಧ ತಾಸು ಒಬ್ಬರು ಮಗುವಿನ ಬಳಿಯೇ ನಿಂತಿರಬೇಕು. 20 ಕಿಲೋ ಮಗುವಿಗೆ 1:1000 ಅಡ್ರಿನಲಿನ್ 0.2 ಎಂಎಲ್, ತೊಡೆಯ ಹೊರಬದಿಯ ಮಾಂಸಕ್ಕೆ. ಪರೀಕ್ಷೆಯಲ್ಲಿ ಗಂಧೆ ಎದ್ದರೆ ಸೀರಂ ಕೊಡುವುದನ್ನು ಕೈಬಿಡಬೇಕೆಂದಲ್ಲ. ಅತಿ ಸಣ್ಣ ಪ್ರಮಾಣದಿಂದ ಶುರು ಮಾಡಿ ಸುಮಾರು ಹದಿನೈದು ನಿಮಿಷಕ್ಕೊಮ್ಮೆ ಏರಿಸುತ್ತಾ ಪೂರ್ತಿ ಡೋಸ್ ಮುಟ್ಟಿಸುವ ಕ್ರಮವಿದೆ. ಅದನ್ನು ಐಸಿಯುನಲ್ಲಿ ಮಾಡುತ್ತಾರೆ. ರಿಯಾಕ್ಷನ್ ಆದರೆ ಕಣ್ಣೆದುರೇ ಆಗುತ್ತದೆ, ಅದಕ್ಕೆ ಕೈಯಲ್ಲೇ ಔಷಧಿ ಇದೆ. ಹೃದಯದೊಳಗೆ ಸೇರಿದ ವಿಷ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಔಷಧಿಯೂ ಇಲ್ಲ. ನಾನು ಸಹಿ ಮಾಡಿ ಎನ್ನುವುದು ಈ ಎರಡನ್ನು ಎದುರುಬದುರು ಇಟ್ಟು ನೋಡಿಯೇ.

ಸೀರಂ ಹಾಕಿದ ಮರುದಿನ ಪೊರೆ ಹಾಗೇ ಇದೆ, ಸ್ವಲ್ಪ ಹಬ್ಬಿದಂತೆಯೂ ಇದೆ ಎಂದು ಎದೆಗುಂದಬೇಡಿ. ಆಗಲೇ ಸತ್ತ ಭಾಗ ಪೊರೆಯಾಗಿ ತೋರುತ್ತಿರುತ್ತದೆ. ಆಮೇಲೆ ಅಂಚು ಸುರುಟಿಕೊಂಡು ಒಂದು ವಾರದ ಆಸುಪಾಸಿನಲ್ಲಿ ಕಳಚುತ್ತದೆ. ಈ ದಿನಗಳಲ್ಲಿ ಧ್ವನಿ ಒಡೆದರೆ, ಕೆಮ್ಮು ಬೊಗಳಿದಂತೆ ಕೇಳಿದರೆ, ಉಸಿರೆಳೆಯುವಾಗ ಕೊರ್ ಎಂಬ ಸದ್ದು ಬಂದರೆ, ಎದೆಗೂಡಿನ ಕೆಳಗೆ ಗುಳಿ ಬಿದ್ದರೆ ಪೊರೆ ಧ್ವನಿಪೆಟ್ಟಿಗೆಗೆ ಇಳಿದಿದೆ ಎಂದರ್ಥ. ಕೂಡಲೇ ನರ್ಸ್‌ಗೆ ಹೇಳಿ. ಕುತ್ತಿಗೆಯಲ್ಲಿ ರಂಧ್ರ ಮಾಡಿ ಕೊಳವೆ ಇಡಬೇಕೆಂದರೆ ಅದಕ್ಕೂ ತಡ ಮಾಡಬೇಡಿ.

ಹಾರ್ಟ್ ಯಾಕೆ ನೋಡುತ್ತಾರೆ ಎಂದು ಕೇಳಿದ್ದೀರಿ. ಗಂಟಲು ಸರಿಹೋಗಿ ಹುಡುಗ ಎದ್ದು ಕುಳಿತು ಊಟ ಕೇಳುವ ಹೊತ್ತಿಗೇ, ಅಂದರೆ ಎರಡನೇ ವಾರದಲ್ಲಿ, ಹೃದಯದ ಸ್ನಾಯುವಿನ ಪೆಟ್ಟು ಹೊರಬೀಳುತ್ತದೆ. ವಿಷ ಒಳಸೇರಿದ ಕೋಶ ಕೂಡಲೇ ಸಾಯುವುದಿಲ್ಲ, ಹೊಸ ಪ್ರೋಟೀನ್ ಇಲ್ಲದೆ ದಿನದಿಂದ ದಿನಕ್ಕೆ ಸೊರಗುತ್ತದೆ. ಹೃದಯದ ಕೋಶ ಸತ್ತರೆ ಅದರ ಜಾಗಕ್ಕೆ ಹೊಸದು ಬರುವುದಿಲ್ಲ. ಬಡಿತದ ವಿದ್ಯುತ್ ಸಂಕೇತ ಸಾಗಿಸುವ ಎಳೆಗಳೂ ಇದೇ ಸ್ನಾಯುವಿನವು. ಅವು ಕೆಟ್ಟರೆ ಮೇಲಿನ ಕೋಣೆಯ ಸಂಕೇತ ಕೆಳಗಿನ ಕೋಣೆಗೆ ತಡವಾಗಿ ಮುಟ್ಟುತ್ತದೆ, ಆಮೇಲೆ ಮುಟ್ಟುವುದೇ ಇಲ್ಲ. ಈ ಬದಲಾವಣೆ ಮಗುವಿನ ಮೈಮೇಲೆ ಕಾಣುವ ಮೊದಲೇ ಇಸಿಜಿ ಕಾಗದದ ಮೇಲೆ ಕಾಣುತ್ತದೆ. ಅದಕ್ಕೇ ದಿನಾ ಇಸಿಜಿ. ಪೂರ್ತಿ ತಡೆ ಉಂಟಾದ ಮಕ್ಕಳಲ್ಲಿ ಸಾವು ಬಹಳ. ತಾತ್ಕಾಲಿಕ ಪೇಸ್‌ಮೇಕರ್ ಬೇಕಾಗಬಹುದು, ಆದ್ದರಿಂದ ಅದರ ಸೌಲಭ್ಯ ಹತ್ತಿರದಲ್ಲಿರುವ ಕಡೆ ಮಗು ಇರುವುದು ಒಳ್ಳೆಯದು. ಸ್ಟೀರಾಯ್ಡ್ ಕೊಟ್ಟರೆ ಹೃದಯ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ, ಅದಕ್ಕೆ ಆಧಾರವಿಲ್ಲ.

ನಿಮ್ಮ ಹುಡುಗನ ಲೆಕ್ಕದಲ್ಲಿ ಎರಡನೇ ವಾರ ಬರುವ ರವಿವಾರ ಶುರುವಾಗುತ್ತದೆ. ಆ ವಾರ ಅವನು ಬಿಳುಚಿಕೊಂಡರೆ, ವಾಂತಿ ಮಾಡಿಕೊಂಡರೆ, ಹೊಟ್ಟೆ ನೋವು ಎಂದರೆ, ಊಟ ಸೇರದೆ ಬಿದ್ದಿದ್ದರೆ ಅದು ಅಜೀರ್ಣ ಎಂದು ತಿಳಿಯಬೇಡಿ. ಹೃದಯ ಸೋತಾಗ ಯಕೃತ್ತು ರಕ್ತ ತುಂಬಿ ಊದುತ್ತದೆ, ಮಕ್ಕಳಿಗೆ ಅದು ಹೊಟ್ಟೆ ನೋವಾಗಿಯೇ ತಿಳಿಯುತ್ತದೆ. ನಾಡಿ ತೀರಾ ವೇಗವಾದರೂ, ತೀರಾ ನಿಧಾನವಾದರೂ, ತಪ್ಪಿ ತಪ್ಪಿ ಬಡಿದರೂ ಹೇಳಬೇಕು. ಸೀರಂ ಹಾಕಿದ ಏಳರಿಂದ ಹತ್ತು ದಿನಕ್ಕೆ ಕೆಲವರಿಗೆ ಜ್ವರ, ಮೈಮೇಲೆ ದದ್ದು, ಕೀಲು ನೋವು ಬರುತ್ತದೆ. ಅದು ಸೀರಂನ ತಡವಾದ ರಿಯಾಕ್ಷನ್. ಅದೂ ಇದೇ ದಿನಗಳಲ್ಲಿ ಬರುವುದರಿಂದ ಸುಸ್ತು, ವಾಂತಿಯನ್ನು ಅದರ ಲೆಕ್ಕಕ್ಕೆ ಹಾಕಿ ಬಿಟ್ಟುಬಿಡುವ ತಪ್ಪಾಗಬಾರದು, ಇಸಿಜಿ ಮಾಡಿಸಲೇಬೇಕು. ಕನಿಷ್ಠ ಎರಡು ಮೂರು ವಾರ ಹಾಸಿಗೆಯ ವಿಶ್ರಾಂತಿ ಎಂದರೆ ನಿಜವಾಗಿ ಹಾಸಿಗೆಯೇ. ಕಾರಿಡಾರಿನಲ್ಲಿ ಓಡುವುದು ಬೇಡ. ಗಂಟಲು ವಾಸಿಯಾಯಿತಲ್ಲ ಎಂದು ಬರೆದುಕೊಟ್ಟು ಮನೆಗೆ ಕರೆದೊಯ್ಯುವುದಂತೂ ಬೇಡವೇ ಬೇಡ.

ನರದ ಸರದಿ ಇದಕ್ಕೆ ಕೊಂಚ ಹಿಂದೆ ಮುಂದೆ. ಮೊದಲು ಸೋಲುವುದು ಅಂಗುಳ, ಹೆಚ್ಚಾಗಿ ಎರಡನೇ ಮೂರನೇ ವಾರದಲ್ಲಿ. ಮಾತು ಮೂಗಿನಲ್ಲಿ ಬರುತ್ತದೆ, ಕುಡಿದ ನೀರು ಮೂಗಿನಿಂದ ವಾಪಸಾಗುತ್ತದೆ. ಆಗ ನೀರು, ಚಹಾ, ತೆಳು ಅಂಬಲಿ ಕುಡಿಸಿದರೆ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ವೈದ್ಯರು ನುಂಗುವುದನ್ನು ಪರೀಕ್ಷಿಸಿ ಒಪ್ಪಿದರೆ ಗಟ್ಟಿಯಾಗಿ ಕುದಿಸಿದ ನುಚ್ಚನ್ನು ನೆಟ್ಟಗೆ ಕೂರಿಸಿ ಚಮಚದಿಂದ ಕೊಡಿ, ಒಪ್ಪದಿದ್ದರೆ ಮೂಗಿನ ಕೊಳವೆಯಿಂದ ಆಹಾರ. ಮೂರರಿಂದ ಐದನೇ ವಾರದಲ್ಲಿ ಕಣ್ಣಿನ ಹೊಂದಾಣಿಕೆ ತಪ್ಪಬಹುದು: ದೂರದ್ದು ಕಾಣುತ್ತದೆ, ಪುಸ್ತಕದ ಅಕ್ಷರ ಮಸುಕು. ಇನ್ನೂ ತಡವಾಗಿ, ಐದನೇ ವಾರದಿಂದಾಚೆಗೆ, ಕೈಕಾಲು ಸೋಲಬಹುದು, ವಪೆ ಸೋತರೆ ಉಸಿರಾಟಕ್ಕೇ ಆಸರೆ ಬೇಕಾಗಬಹುದು. ಇಷ್ಟು ತಡ ಯಾಕೆಂದರೆ ವಿಷ ಮುಖ್ಯವಾಗಿ ಕೆಡಿಸುವುದು ನರದ ಸುತ್ತಲಿನ ಮೈಲಿನ್ ಹೊದಿಕೆಯನ್ನು, ಅದು ಸವೆಯಲು ವಾರಗಳೇ ಬೇಕು. ಒಳಗಿನ ತಂತಿ ಬಹುಮಟ್ಟಿಗೆ ಉಳಿದಿರುತ್ತದೆ. ಹೊದಿಕೆ ಮತ್ತೆ ಬೆಳೆಯಬಲ್ಲದು, ಹಾಗಾಗಿ ಆ ದಿನಗಳನ್ನು ದಾಟಿದ ಮಗುವಿನ ನರಗಳು ವಾರಗಳಲ್ಲೋ ತಿಂಗಳುಗಳಲ್ಲೋ ಸಾಮಾನ್ಯವಾಗಿ ಪೂರ್ತಿ ಚೇತರಿಸಿಕೊಳ್ಳುತ್ತವೆ. ಹೃದಯಕ್ಕೆ ಈ ಅನುಕೂಲ ಇಲ್ಲ.

ಮನೆಯ ಉಳಿದವರ ಮಾತು ಚಿಕ್ಕದು, ಆದರೆ ನಾಳೆಗೆ ಬಿಡುವಂಥದ್ದಲ್ಲ. ಅವನ ಜೊತೆ ಮಲಗಿದ, ಉಂಡ ಎಲ್ಲರ ಗಂಟಲು ನೋಡಿ ಸ್ವ್ಯಾಬ್ ತೆಗೆಯಬೇಕು. ವರದಿಗೆ ಕಾಯದೆ ಎರಿತ್ರೋಮೈಸಿನ್ ಏಳರಿಂದ ಹತ್ತು ದಿನ, ಇಲ್ಲವೇ ಬೆಂಜಾಥಿನ್ ಪೆನಿಸಿಲಿನ್ ಒಂದು ಇಂಜೆಕ್ಷನ್. ತಾಯಿ ಕಾರ್ಡ್ ತೆಗೆದು ಚಿಕ್ಕವರಿಗೆ 6, 10, 14ನೇ ವಾರದ ಮೂರು ಡೋಸ್, 16–24 ತಿಂಗಳ ಬೂಸ್ಟರ್, ಐದಾರು ವರ್ಷದ ಬೂಸ್ಟರ್ ಬಿದ್ದಿದೆಯೇ ನೋಡಿ. ಕಬ್ಬಿನ ಹಂಗಾಮಿಗೆ ಊರು ಬಿಟ್ಟು ಹೋಗುವ ಮನೆಗಳಲ್ಲಿ ತಪ್ಪಿಹೋಗುವುದು ಸಾಮಾನ್ಯವಾಗಿ ಬೂಸ್ಟರ್‌ಗಳು. ಆಶಾ ಕಾರ್ಯಕರ್ತೆಗೆ ಇವತ್ತೇ ಫೋನ್ ಮಾಡಿ, ಆರೋಗ್ಯ ಇಲಾಖೆಯವರು ಊರಿಗೆ ಬರುತ್ತಾರೆ.

ನಿಮ್ಮ ಹುಡುಗನಿಗೆ ಆಂಟಿಬಯಾಟಿಕ್ ಹದಿನಾಲ್ಕು ದಿನ ಪೂರ್ತಿ ಆಗಬೇಕು. ಮುಗಿದ ಮೇಲೆ 24 ಗಂಟೆ ಅಂತರದ ಎರಡು ಸ್ವ್ಯಾಬ್‌ನಲ್ಲಿ ಏನೂ ಬೆಳೆಯದಿದ್ದರೆ ಮಾತ್ರ ಪ್ರತ್ಯೇಕ ಕೋಣೆಯಿಂದ ಹೊರಗೆ. ಈ ರೋಗ ಬಂದು ಹೋದರೆ ಮತ್ತೆ ಬಾರದೆಂಬ ಭರವಸೆ ಇಲ್ಲ, ಸೀರಂನ ಪ್ರತಿಕಾಯ ಕೆಲವೇ ವಾರ ಉಳಿಯುತ್ತದೆ. ಆದ್ದರಿಂದ ಚೇತರಿಸಿಕೊಳ್ಳುವಾಗ ಅವನಿಗೂ ಲಸಿಕೆ ಹಾಕಿಸಿ. ಡಿಸ್ಚಾರ್ಜ್ ಕಾಗದದ ಮೇಲೆ ಕುದುರೆ ಸೀರಂ ಯಾವ ತಾರೀಕಿಗೆ, ಎಷ್ಟು ಯೂನಿಟ್ ಹಾಕಿದರು, ರಿಯಾಕ್ಷನ್ ಆಯಿತೇ ಎಂದು ಬರೆಸಿಕೊಂಡು ತಾಯಿ ಕಾರ್ಡಿನ ಜೊತೆ ಇಡಿ. ಮುಂದೆ ಎಂದಾದರೂ ಹೊಲದಲ್ಲಿ ಅವನಿಗೆ ಹಾವು ಕಚ್ಚಿದರೆ, ಆಂಟಿವೆನಮ್ ಹಾಕುವ ವೈದ್ಯರಿಗೆ ಮೊದಲು ಬೇಕಾಗುವುದು ಆ ಒಂದು ಸಾಲು.